ಉಬ್ಬುನರದ ಕಾಲಿನಲ್ಲಿ ಕಂದು ಕಲೆ, ತುರಿಕೆ: ಕಾಲೆತ್ತಿ ಮಲಗುವುದರ ಮರ್ಮ

ಕಾಲಿನ ಒಳಗಿಣ್ಣಿನ ಮೇಲ್ಭಾಗದಲ್ಲಿ, ಕಾಲುಚೀಲದ ಪಟ್ಟಿ ಕೂರುವ ಜಾಗದ ಆಸುಪಾಸಿನಲ್ಲಿ, ತುಕ್ಕಿನ ಬಣ್ಣದ ಚುಕ್ಕೆಗಳು ಮೊದಲು ಕಾಣಿಸಿಕೊಳ್ಳುತ್ತವೆ. ಒಂದೆರಡು ವರ್ಷಗಳಲ್ಲಿ ಅವು ಒಂದಕ್ಕೊಂದು ಕೂಡಿಕೊಂಡು ಅಂಗೈಯಗಲದ ಕಂದು ಕಲೆಯಾಗುತ್ತವೆ. ಆ ಜಾಗ ಒಣಗಿ ಹೊಟ್ಟೇಳುತ್ತದೆ, ಸಂಜೆಯಾದೊಡನೆ ತುರಿಸತೊಡಗುತ್ತದೆ. ಮೀನಖಂಡದ ಮೇಲೆ ಹಸಿರು-ನೀಲಿ ಬಣ್ಣದ ರಕ್ತನಾಳಗಳು ಗಂಟುಗಂಟಾಗಿ ಉಬ್ಬಿರುವವರಲ್ಲಿ ಈ ಲಕ್ಷಣ ತೀರಾ ಸಾಮಾನ್ಯ. ಆದರೂ ಬಹುಪಾಲು ರೋಗಿಗಳು ಉಬ್ಬಿದ ನಾಳವನ್ನೂ ಕಂದು ಕಲೆಯನ್ನೂ ಎರಡು ಬೇರೆ ಬೇರೆ ತೊಂದರೆಗಳೆಂದೇ ಭಾವಿಸುತ್ತಾರೆ. ಮೊದಲನೆಯದನ್ನು ವಯೋಸಹಜವೆಂದು ಬಿಟ್ಟುಬಿಡುತ್ತಾರೆ, ಎರಡನೆಯದಕ್ಕೆ ಔಷಧದ ಅಂಗಡಿಯಿಂದ ಹುಳುಕಡ್ಡಿಯ ಮುಲಾಮು ತರುತ್ತಾರೆ.

ಶಬ್ದವೊಂದರಿಂದಲೂ ಇಲ್ಲಿ ಗೊಂದಲ ಹುಟ್ಟುತ್ತದೆ. ಕನ್ನಡದಲ್ಲಿ ‘ನರ’ ಎಂಬುದು ರಕ್ತನಾಳಕ್ಕೂ ಸಲ್ಲುತ್ತದೆ, ಸ್ಪರ್ಶ-ನೋವುಗಳನ್ನು ಮೆದುಳಿಗೆ ಒಯ್ಯುವ ತಂತುವಿಗೂ ಸಲ್ಲುತ್ತದೆ. ‘ನರ ಉಬ್ಬಿದೆ’ ಎಂದುಕೊಂಡು ನರರೋಗ ತಜ್ಞರನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ವೆರಿಕೋಸ್ ವೇನ್ಸ್ ಎಂದು ಕರೆಯಲ್ಪಡುವ ಈ ತೊಂದರೆ ಅಭಿಧಮನಿಯದು, ಅಂದರೆ ಅಶುದ್ಧ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳದ್ದು. ಇದಕ್ಕೆ ಚಿಕಿತ್ಸೆ ನೀಡುವವರು ರಕ್ತನಾಳ ಶಸ್ತ್ರತಜ್ಞರು ಅಥವಾ ಸಾಮಾನ್ಯ ಶಸ್ತ್ರತಜ್ಞರು.

ಕಲೆಯ ಬಣ್ಣ ಕಬ್ಬಿಣದ್ದು

ನೆಟ್ಟಗೆ ನಿಂತ ವ್ಯಕ್ತಿಯ ಹೃದಯದಿಂದ ಕಾಲಿನ ಗಿಣ್ಣಿನವರೆಗೆ ಸುಮಾರು 115 ಸೆಂಟಿಮೀಟರ್ ಎತ್ತರದ ರಕ್ತದ ಕಂಬವೊಂದು ನಿಂತಿರುತ್ತದೆ ಎಂದುಕೊಳ್ಳಬಹುದು. ಒಂದು ಸೆಂಟಿಮೀಟರ್ ರಕ್ತದ ಭಾರ ಪಾದರಸದ ಮುಕ್ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ಆ ಲೆಕ್ಕದಲ್ಲಿ ಗಿಣ್ಣಿನ ಬಳಿಯ ಅಭಿಧಮನಿಯ ಮೇಲೆ ಬೀಳುವ ಒತ್ತಡ ಸುಮಾರು 90 ಮಿಲಿಮೀಟರ್. ಆರೋಗ್ಯವಂತರಲ್ಲಿಯೂ ಅಲುಗಾಡದೆ ನಿಂತಾಗ ಒತ್ತಡ ಇಷ್ಟೇ ಇರುತ್ತದೆ. ವ್ಯತ್ಯಾಸ ತಿಳಿಯುವುದು ನಡೆಯತೊಡಗಿದಾಗ. ಪ್ರತಿ ಹೆಜ್ಜೆಗೂ ಮೀನಖಂಡದ ಸ್ನಾಯುಗಳು ಒಳಗಿನ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ನಾಳದೊಳಗಿನ ಪುಟ್ಟ ಕವಾಟಗಳು ಅದು ಮರಳಿ ಕೆಳಗಿಳಿಯದಂತೆ ತಡೆಯುತ್ತವೆ. ಹತ್ತಾರು ಹೆಜ್ಜೆಗಳಲ್ಲಿ ಒತ್ತಡ 30 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ.

ಕವಾಟ ಸಡಿಲಗೊಂಡವರಲ್ಲಿ ಮೇಲೇರಿದ ರಕ್ತ ಸೋರಿ ಮತ್ತೆ ಕೆಳಗೇ ಬರುತ್ತದೆ. ಅವರು ನಿಂತರೂ ನಡೆದರೂ ಒತ್ತಡ ಬೇಕಾದಷ್ಟು ಇಳಿಯುವುದೇ ಇಲ್ಲ. ವರ್ಷಗಟ್ಟಲೆ ಈ ಭಾರ ಹೊತ್ತ ಚರ್ಮದ ಸೂಕ್ಷ್ಮ ರಕ್ತನಾಳಗಳು ಹಿಗ್ಗುತ್ತವೆ. ಅವುಗಳ ಗೋಡೆಯಿಂದ ಮೊದಲು ನೀರು, ಬಳಿಕ ಕೆಂಪು ರಕ್ತಕಣಗಳು ಹೊರಗೆ ಜಿನುಗುತ್ತವೆ. ಹೊರಬಿದ್ದ ಕಣಗಳು ಅಲ್ಲಿಯೇ ಒಡೆದು ಅವುಗಳೊಳಗಿನ ಕಬ್ಬಿಣ ಹೀಮೋಸಿಡರಿನ್ ಎಂಬ ರೂಪದಲ್ಲಿ ಚರ್ಮದಲ್ಲಿ ಉಳಿದುಬಿಡುತ್ತದೆ. ಕಲೆ ತುಕ್ಕಿನ ಬಣ್ಣಕ್ಕೆ ಹೋಲುವುದಕ್ಕೆ ಕಾರಣ ಇದೇ. ಉರಿಯೂತದಿಂದಾಗಿ ಚರ್ಮ ಹೆಚ್ಚಾಗಿ ತಯಾರಿಸುವ ಮೆಲನಿನ್ ಕೂಡಾ ಸೇರಿ, ನಮ್ಮಂಥ ಕಪ್ಪು-ಗೋಧಿ ಮೈಬಣ್ಣದವರಲ್ಲಿ ಅದು ಕಡುಕಂದು ಇಲ್ಲವೇ ಕಪ್ಪಾಗಿಯೇ ಕಾಣುತ್ತದೆ.

ತುರಿಕೆಯ ಮೂಲವೂ ಇದೇ ಸೋರಿಕೆ. ಹೊರಗೆ ಬಿದ್ದ ರಕ್ತಕಣ ಹಾಗೂ ಪ್ರೋಟೀನುಗಳನ್ನು ತೆರವುಗೊಳಿಸಲು ಬಿಳಿ ರಕ್ತಕಣಗಳು ಅಲ್ಲಿ ಜಮಾಯಿಸುತ್ತವೆ, ಚರ್ಮದಲ್ಲಿ ನಿರಂತರ ಉರಿಯೂತ ನೆಲೆಸುತ್ತದೆ. ಊದಿಕೊಂಡ ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಬಿರಿಯುತ್ತದೆ. ಇದನ್ನು ವೈದ್ಯರು ಸ್ಟೇಸಿಸ್ ಡರ್ಮಟೈಟಿಸ್ ಎನ್ನುತ್ತಾರೆ. ಒತ್ತಡದಿಂದ ಹುಟ್ಟಿದ ಇಸಬು ಎಂದರೆ ಸಾಕು. ಇಲ್ಲಿ ಸೋಂಕಿಲ್ಲ, ರಕ್ತ ‘ಕೆಟ್ಟಿಲ್ಲ’, ಬದನೆಕಾಯಿ ತಿಂದದ್ದರ ಪಾತ್ರವೂ ಇಲ್ಲ.

ಹುಳುಕಡ್ಡಿಯೆಂಬ ತಪ್ಪು ತಿಳಿವಳಿಕೆ

ಹುಳುಕಡ್ಡಿ ಅಥವಾ ಗಜಕರ್ಣ ಬಳೆಯಾಕಾರದಲ್ಲಿ ಹಬ್ಬುತ್ತದೆ. ಅಂಚು ಕೆಂಪಾಗಿ ಉಬ್ಬಿ ನಡುಭಾಗ ತಿಳಿಯಾಗುತ್ತದೆ. ತೊಡೆಸಂದು, ಸೊಂಟಗಳಲ್ಲಿಯೂ ಅದರ ಗುರುತುಗಳು ಸಿಗುವುದುಂಟು. ಒತ್ತಡದ ಇಸಬಿಗೆ ಅಂಥ ಸ್ಪಷ್ಟ ಅಂಚಿಲ್ಲ. ಕಲೆಯ ನಡುಭಾಗವೇ ಹೆಚ್ಚು ಕಪ್ಪು, ಸಂಜೆಗೆ ಹೆಬ್ಬೆರಳಿನಿಂದ ಹತ್ತು-ಹದಿನೈದು ಸೆಕೆಂಡು ಅದುಮಿದರೆ ಗುಳಿ ಬೀಳುತ್ತದೆ. ಸಂದೇಹವಿದ್ದರೆ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆ ಚರ್ಮರೋಗ ತಜ್ಞರಲ್ಲಿ ಲಭ್ಯ.

ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಹಲವು ಶಿಲೀಂಧ್ರನಾಶಕ, ಜೀವಿರೋಧಕ ಹಾಗೂ ತೀವ್ರ ಸ್ಟಿರಾಯ್ಡ್ ಮೂರನ್ನೂ ಬೆರೆಸಿದವು. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುವುದು ಸ್ಟಿರಾಯ್ಡಿನ ಪ್ರಭಾವದಿಂದ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕಾಗದದಂತಾಗುತ್ತದೆ, ಮಂಚದ ಕಾಲು ತಗುಲಿದರೂ ಹುಣ್ಣಾಗುತ್ತದೆ. ತೀವ್ರ ಸ್ಟಿರಾಯ್ಡ್ ಮುಲಾಮುಗಳು ವೈದ್ಯರ ಚೀಟಿಯಿಲ್ಲದೆ ಮಾರಾಟವಾಗದಂತೆ ಕೇಂದ್ರ ಸರಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತಾದರೂ ಅಂಗಡಿಗಳಲ್ಲಿ ಅದರ ಪಾಲನೆ ಅಷ್ಟಕ್ಕಷ್ಟೇ. ಹುಣ್ಣಿಗೆಂದು ಹಚ್ಚುವ ನಿಯೋಮೈಸಿನ್, ಫ್ರಾಮೈಸಿಟಿನ್ ಮುಲಾಮುಗಳದು ಇನ್ನೊಂದು ತೊಂದರೆ. ಉಬ್ಬುನರದ ಕಾಲಿನ ಚರ್ಮಕ್ಕೆ ಇವುಗಳ ಅಲರ್ಜಿ ಬೇಗನೆ ಹತ್ತಿಕೊಳ್ಳುತ್ತದೆ. ಔಷಧ ಹಚ್ಚಿದಷ್ಟೂ ತುರಿಕೆ ಹೆಚ್ಚಾಗುತ್ತಿದ್ದರೆ ರೋಗಕ್ಕಿಂತ ಮೊದಲು ಔಷಧವನ್ನೇ ಸಂಶಯಿಸಬೇಕು.

ಎತ್ತರದ ಲೆಕ್ಕ

ಎಲ್ಲಕ್ಕೂ ಮೂಲ ರಕ್ತದ ಕಂಬದ ಭಾರವೇ ಆಗಿರುವುದರಿಂದ, ಪರಿಹಾರದ ಮೊದಲ ಹೆಜ್ಜೆ ಆ ಕಂಬವನ್ನು ಮಲಗಿಸುವುದು. ‘ಕಾಲು ಎತ್ತಿ ಇಟ್ಟುಕೊಳ್ಳಿ’ ಎಂದು ವೈದ್ಯರು ಹೇಳುತ್ತಾರೆ. ಎಷ್ಟು ಎತ್ತರ, ಎಷ್ಟು ಹೊತ್ತು ಎಂದು ವಿವರಿಸುವವರು ಕಡಿಮೆ. ರೋಗಿ ಮನೆಗೆ ಬಂದು ಕುರ್ಚಿಯಲ್ಲಿ ಕುಳಿತು ಎದುರಿನ ಟೀಪಾಯಿಯ ಮೇಲೆ ಕಾಲಿಟ್ಟು ದೂರದರ್ಶನ ನೋಡುತ್ತಾನೆ. ಕಾಲು ಎತ್ತರಿಸಿದ ಸಮಾಧಾನ ಅವನದು.

ಅದೇ ಲೆಕ್ಕವನ್ನು ಇಲ್ಲಿಯೂ ಹಾಕಿ ನೋಡಬಹುದು. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕುಳಿತಾಗ ಹೃದಯಕ್ಕೂ ಗಿಣ್ಣಿಗೂ ಅಂತರ ಹೆಚ್ಚುಕಡಿಮೆ 70 ಸೆಂಟಿಮೀಟರ್, ಒತ್ತಡ 50ಕ್ಕೂ ಹೆಚ್ಚು. ಟೀಪಾಯಿಯ ಮೇಲೆ ಕಾಲಿಟ್ಟರೆ ಗಿಣ್ಣು ಸೊಂಟದ ಮಟ್ಟಕ್ಕೆ ಬರುತ್ತದೆಯೇ ಹೊರತು ಹೃದಯ ಇನ್ನೂ ಒಂದಡಿಗಿಂತ ಹೆಚ್ಚು ಮೇಲಿರುತ್ತದೆ. ಒತ್ತಡ 25-30ರಲ್ಲಿ ನಿಲ್ಲುತ್ತದೆ. ಅದಕ್ಕಿಂತ ಇದು ಮೇಲು, ಆದರೆ ಜಿನುಗಿದ ನೀರನ್ನು ನಾಳಗಳು ಮರಳಿ ಹೀರಿಕೊಳ್ಳಲು ಇದು ಸಾಲದು. ಬೆನ್ನು ಪೂರ್ಣ ನೆಲಕ್ಕೆ ಅಥವಾ ಹಾಸಿಗೆಗೆ ತಾಗುವಂತೆ ಮಲಗಿ, ಗಿಣ್ಣು ಎದೆಯ ಮಟ್ಟಕ್ಕಿಂತ 15-20 ಸೆಂಟಿಮೀಟರ್ ಮೇಲಿರುವಂತೆ ಇಟ್ಟಾಗಷ್ಟೇ ಗಿಣ್ಣಿನ ಅಭಿಧಮನಿಯ ಒತ್ತಡ ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ಉಬ್ಬಿದ ಗಂಟುಗಳು ಕಣ್ಣೆದುರೇ ಬರಿದಾಗಿ ಚರ್ಮದಲ್ಲಿ ತಗ್ಗು ಕಾಣುವುದೇ ಎತ್ತರ ಸಾಕಾಗಿದೆ ಎಂಬುದರ ಗುರುತು.

ದಿಂಬು ಇಡುವ ಜಾಗವೂ ಮುಖ್ಯ. ಹಿಮ್ಮಡಿಯ ಕೆಳಗೆ ಮಾತ್ರ ದಿಂಬಿಟ್ಟರೆ ಮಂಡಿ ಹಿಂದಕ್ಕೆ ಸೆಳೆದು ನೋಯುತ್ತದೆ, ಹಿಮ್ಮಡಿಯ ಚರ್ಮಕ್ಕೂ ಪೆಟ್ಟು. ಮಂಡಿಯ ಕೆಳಗೆ ಮಾತ್ರ ಇಟ್ಟರೆ ಮಂಡಿಸಂದಿನ ನಾಳ ಅದುಮಿಕೊಂಡು ಪಾದ ಕೆಳಗೇ ಉಳಿಯುತ್ತದೆ. ಮೀನಖಂಡದ ಉದ್ದಕ್ಕೂ ಆಧಾರ ಸಿಗುವಂತೆ, ಮಂಡಿ ತುಸುವೇ ಬಾಗಿರುವಂತೆ, ಎರಡು ದಿಂಬು ಅಥವಾ ಮಡಚಿದ ಜಮಖಾನೆಯನ್ನು ಇಳಿಜಾರಾಗಿ ಇಡುವುದು ಸರಿಯಾದ ಕ್ರಮ. ಒಂದು ಸಲಕ್ಕೆ 30 ನಿಮಿಷದಂತೆ ದಿನಕ್ಕೆ ಮೂರು-ನಾಲ್ಕು ಸಲ ಎಂಬುದು ರೂಢಿಯಲ್ಲಿರುವ ಸಲಹೆ. ಕೆಲಸಕ್ಕೆ ಹೋಗುವವರಿಗೆ ಇದು ಕಷ್ಟಸಾಧ್ಯ. ಅಂಥವರು ಮಧ್ಯಾಹ್ನ ಊಟದ ಬಿಡುವಿನಲ್ಲಿ 15-20 ನಿಮಿಷ, ಸಂಜೆ ಮನೆಗೆ ಬಂದೊಡನೆ ಅರ್ಧ ಗಂಟೆ ಮಾಡಿದರೂ ಸಂಜೆಯ ಊತ ಕಡಿಮೆಯಾಗುತ್ತದೆ. ರಾತ್ರಿ ದಿಂಬು ಜಾರಿಹೋಗುವುದರಿಂದ ಮಂಚದ ಪಾದದ ಕಡೆಯ ಎರಡು ಕಾಲುಗಳ ಕೆಳಗೆ 10-15 ಸೆಂಟಿಮೀಟರ್ ಎತ್ತರದ ಮರದ ತುಂಡು ಅಥವಾ ಇಟ್ಟಿಗೆ ಇಡುವುದು ಒಳ್ಳೆಯದು.

ಎಲ್ಲರಿಗೂ ಇದು ಸಲ್ಲದು. ಮಲಗಿದರೆ ಉಸಿರು ಕಟ್ಟುವ ಹೃದಯ ರೋಗಿಗಳಲ್ಲಿ ಕಾಲಿನಿಂದ ಮರಳುವ ರಕ್ತ ಹೃದಯಕ್ಕೆ ಭಾರವಾಗಬಹುದು. ಶುದ್ಧ ರಕ್ತ ತರುವ ಅಪಧಮನಿಯೇ ಕಿರಿದಾಗಿರುವ ಧೂಮಪಾನಿಗಳು ಹಾಗೂ ಮಧುಮೇಹಿಗಳಲ್ಲಿ ಕಾಲೆತ್ತಿದರೆ ಪಾದ ಬಿಳಿಚಿ ನೋವು ಹೆಚ್ಚುತ್ತದೆ, ಕಾಲು ಇಳಿಬಿಟ್ಟರೆ ಹಾಯೆನಿಸುತ್ತದೆ. ಉಬ್ಬುನರದ ಭಾರ-ನೋವು ಇದಕ್ಕೆ ತದ್ವಿರುದ್ಧ. ಕಾಲೆತ್ತಿದಾಗ ಯಾವ ಕಡೆಗೆ ಬದಲಾಗುತ್ತದೆ ಎಂಬುದೇ ಎರಡು ರೋಗಗಳನ್ನು ಬೇರ್ಪಡಿಸುವ ಉತ್ತಮ ಸುಳಿವು.

ಇಳಿದ ಊತವನ್ನು ಹಿಡಿದಿಡುವುದು

ಕಾಲೆತ್ತಿದ್ದರ ಫಲ ರೋಗಿ ಎದ್ದು ನಿಂತ ಕೆಲವೇ ಕ್ಷಣಗಳಲ್ಲಿ ಕರಗತೊಡಗುತ್ತದೆ, ಏಕೆಂದರೆ ಕವಾಟ ದುರಸ್ತಿಯಾಗಿಲ್ಲ. ಈ ಕಾರಣದಿಂದ ನಿಂತು ಓಡಾಡುವ ಹೊತ್ತಿಗೆ ಒತ್ತುವ ಕಾಲುಚೀಲ ಬೇಕಾಗುತ್ತದೆ. ಸ್ಟಾಕಿಂಗ್ಸ್ ಎಂದೇ ಅಂಗಡಿಗಳಲ್ಲಿ ಸಿಗುವ ಇವು ಗಿಣ್ಣಿನ ಬಳಿ ಹೆಚ್ಚು ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿರುತ್ತವೆ. ಚರ್ಮದ ಬಣ್ಣ ಬದಲಾದವರಿಗೆ ಸಾಮಾನ್ಯವಾಗಿ ಗಿಣ್ಣಿನಲ್ಲಿ 20-30 ಮಿಲಿಮೀಟರ್ ಒತ್ತಡದ, ಮಂಡಿಯ ಕೆಳಗಿನವರೆಗಿನ ಚೀಲ ಸೂಚಿಸಲಾಗುತ್ತದೆ. ಅಳತೆಯನ್ನು ಊತವಿಲ್ಲದ ಬೆಳಗಿನ ಹೊತ್ತಿನಲ್ಲಿ ಕೊಡಬೇಕು. ಸಂಜೆ ಅಳೆದು ಕೊಂಡ ಚೀಲ ಬೆಳಿಗ್ಗೆ ಸಡಿಲವಾಗಿ ನಿಷ್ಪ್ರಯೋಜಕವಾಗುತ್ತದೆ. ಹಾಸಿಗೆಯಿಂದ ಇಳಿಯುವ ಮೊದಲೇ ಧರಿಸಿ ರಾತ್ರಿ ಮಲಗುವಾಗ ಕಳಚಬೇಕು. ಮೇಲಂಚು ಸುರುಳಿಯಾಗಿ ಮಡಚಿಕೊಂಡರೆ ಅದೇ ಹಗ್ಗ ಕಟ್ಟಿದಂತಾಗಿ ಊತವನ್ನು ಹೆಚ್ಚಿಸುತ್ತದೆ. ಆರು ತಿಂಗಳಲ್ಲಿ ಚೀಲದ ಬಿಗಿ ಹೋಗುವುದರಿಂದ ಹೊಸದು ಬೇಕು.

ಚೀಲ ಧರಿಸುವ ಮೊದಲು ಪಾದದ ನಾಡಿ ಪರೀಕ್ಷಿಸಿಕೊಳ್ಳುವುದು ಅನಿವಾರ್ಯ. ಗಿಣ್ಣಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿ ಬರುವ ಸಂಖ್ಯೆ 0.8ಕ್ಕಿಂತ ಕಡಿಮೆಯಿದ್ದರೆ ಅಪಧಮನಿಯ ಹರಿವು ಕುಂದಿದೆ ಎಂದರ್ಥ. ಅಂಥ ಕಾಲಿಗೆ ಬಿಗಿ ಚೀಲ ಹಾಕಿದರೆ ಬೆರಳುಗಳಿಗೆ ರಕ್ತ ತಪ್ಪಿ ಕೊಳೆಯುವ ಅಪಾಯವಿದೆ. ಮಧುಮೇಹಿಗಳಲ್ಲಿ ಅಪಧಮನಿ ಗಡುಸಾಗಿ ಈ ಸಂಖ್ಯೆ ಸುಳ್ಳು ಹೇಳಬಹುದಾದ್ದರಿಂದ ತಜ್ಞರ ಸಲಹೆಯಿಲ್ಲದೆ ಅವರು ಚೀಲ ಕೊಳ್ಳಬಾರದು.

ಚರ್ಮದ ಆರೈಕೆ ಸರಳವಾದದ್ದು. ಉಗುರುಬೆಚ್ಚಗಿನ ನೀರಿನಲ್ಲಿ ಮೃದು ಸಾಬೂನಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ತೇವವಿರುವಾಗಲೇ ಸುವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು. ರಾತ್ರಿ ಹಚ್ಚುವುದು ಅನುಕೂಲ, ಏಕೆಂದರೆ ಜಿಡ್ಡು ಕಾಲುಚೀಲದ ಎಳೆಯನ್ನು ಹಾಳುಮಾಡುತ್ತದೆ. ಬೇವಿನ ಸೊಪ್ಪಿನ ಅರೆತ, ಸುಣ್ಣ-ಅರಿಸಿನ, ಕ್ರಿಮಿನಾಶಕ ದ್ರಾವಣಗಳನ್ನು ಬಿರಿದ ಚರ್ಮದ ಮೇಲೆ ಪ್ರಯೋಗಿಸತಕ್ಕದ್ದಲ್ಲ. ತುರಿಕೆ ತೀವ್ರವಾಗಿದ್ದರೆ ವೈದ್ಯರು ಮಧ್ಯಮ ಶಕ್ತಿಯ ಸ್ಟಿರಾಯ್ಡ್ ಮುಲಾಮನ್ನು ಒಂದೆರಡು ವಾರಗಳ ಅವಧಿಗೆ ಬರೆದುಕೊಡುತ್ತಾರೆ. ಅವಧಿ ಮುಗಿದೊಡನೆ ನಿಲ್ಲಿಸಬೇಕು.

ಒಂದು ಮಾದರಿ ಪ್ರಕರಣ

ವಿಷಯ ಸ್ಪಷ್ಟವಾಗಲು ಹೋಟೆಲಿನ ಅಡುಗೆ ಭಟ್ಟರೊಬ್ಬರ ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು 54. ದಿನಕ್ಕೆ ಹತ್ತು ಗಂಟೆ ದೋಸೆಯ ಕಾವಲಿಯ ಮುಂದೆ ನಿಂತೇ ಕೆಲಸ. ಎಡಗಾಲಿನ ಉಬ್ಬುನರ ಹನ್ನೆರಡು ವರ್ಷಗಳದು, ಕಂದು ಕಲೆ ಮೂರು ವರ್ಷಗಳದು. ತುರಿಕೆಗೆ ಅಂಗಡಿಯ ಮುಲಾಮು ಎಂಟು ತಿಂಗಳು ಹಚ್ಚಿದ್ದಾರೆ. ಈಗ ಕಲೆಯ ಮೇಲೆ ನೀರು ಒಸರುತ್ತಿದೆ, ತೋಳುಗಳಲ್ಲಿಯೂ ತುರಿಕೆಯ ಗುಳ್ಳೆಗಳೆದ್ದಿವೆ. ಕಾಲಿನ ಇಸಬು ಕೆರಳಿದಾಗ ದೇಹದ ಇತರೆಡೆಯೂ ಇಂಥ ಪ್ರತಿಕ್ರಿಯೆ ಏಳುವುದುಂಟು. ರೋಗಿ ಇದನ್ನು ಅಂಟು ಹರಡಿತೆಂದು ತಿಳಿದು ಹೆದರುತ್ತಾನೆ.

ಸಂಜೆ ಅವರ ಎಡ ಗಿಣ್ಣಿನ ಮೇಲಿನ ಸುತ್ತಳತೆ 27 ಸೆಂಟಿಮೀಟರ್, ಬಲದ್ದು 24. ಅವರು ಸೇವಿಸುವ ರಕ್ತದೊತ್ತಡದ ಮಾತ್ರೆ ಆಮ್ಲೋಡಿಪಿನ್. ಇದು ತಾನೇ ಗಿಣ್ಣಿನ ಊತವನ್ನು ತರಬಲ್ಲದು, ಆದರೆ ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿ. ಒಂದೇ ಕಾಲಿನ ಊತಕ್ಕೆ ಅಭಿಧಮನಿಯೇ ಮುಖ್ಯ ಕಾರಣ, ಮಾತ್ರೆ ಅದಕ್ಕೆ ಸ್ವಲ್ಪ ಸೇರಿಸಿರಬಹುದು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಬದಲಿಸುವ ಬಗ್ಗೆ ವೈದ್ಯರನ್ನು ಕೇಳುವುದು ಸರಿ. ನಾಡಿ ಚೆನ್ನಾಗಿದೆ, ಒತ್ತಡದ ಸಂಖ್ಯೆ 1.0. ನಿಲ್ಲಿಸಿ ಮಾಡಿದ ಡಾಪ್ಲರ್ ಸ್ಕ್ಯಾನಿನಲ್ಲಿ ತೊಡೆಯ ಒಳಬದಿಯ ದೊಡ್ಡ ಅಭಿಧಮನಿಯ ಕವಾಟ ಸೋರುತ್ತಿರುವುದು ಕಂಡಿದೆ. ಮಲಗಿಸಿ ಮಾಡಿದ ಸ್ಕ್ಯಾನಿನಲ್ಲಿ ಈ ಸೋರಿಕೆ ತಪ್ಪಿಹೋಗಬಹುದು.

ಹಳೆಯ ಮುಲಾಮು ನಿಲ್ಲಿಸಿ, ಎರಡು ವಾರದ ಚಿಕಿತ್ಸೆಯೊಂದಿಗೆ ಮಧ್ಯಾಹ್ನದ ಮೂರರ ಬಿಡುವಿನಲ್ಲಿ ಗೋಡೆಯ ಬಳಿ ಚಾಪೆ ಹಾಸಿ, ಹಿಟ್ಟಿನ ಖಾಲಿ ಚೀಲಗಳನ್ನು ಮಡಚಿಟ್ಟು ಕಾಲೆತ್ತಿ ಮಲಗುವುದು ಶುರುವಾಗುತ್ತದೆ. ಕಾವಲಿಯ ಮುಂದೆ ನಿಂತಾಗ ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸುತ್ತಾರೆ. ಒಸರುವಿಕೆ ನಿಂತ ಮೇಲೆ ಕಾಲುಚೀಲ ಸೇರುತ್ತದೆ. ಇಂಥವರಲ್ಲಿ ಮೊದಲು ಇಳಿಯುವುದು ಊತ, ಕೆಲವೇ ದಿನಗಳಲ್ಲಿ. ತುರಿಕೆ ಎರಡು-ಮೂರು ವಾರಗಳಲ್ಲಿ ತಗ್ಗುತ್ತದೆ. ಕಂದು ಬಣ್ಣ ಮಾತ್ರ ಹಾಗೆಯೇ ಉಳಿಯುತ್ತದೆ. ಚರ್ಮದಲ್ಲಿ ಕೂತ ಕಬ್ಬಿಣ ವರ್ಷಗಳಲ್ಲಿ ಅಷ್ಟಿಷ್ಟು ಮಾಸಬಹುದು, ಪೂರ್ಣ ಹೋಗುವುದು ವಿರಳ. ಬಿಳುಪು ತರುವ ಕ್ರೀಮುಗಳಿಂದ ಪ್ರಯೋಜನವಿಲ್ಲ. ಕಲೆ ದೊಡ್ಡದಾಗದಿರುವುದೇ ಚಿಕಿತ್ಸೆ ಫಲಿಸಿದ್ದರ ಸಾಕ್ಷಿ.

ಯಾವಾಗ ಕಾಯಬಾರದು

ಕಲೆ ಕಾಣಿಸಿಕೊಂಡ ಉಬ್ಬುನರ ಕೇವಲ ಅಂದದ ಪ್ರಶ್ನೆಯಲ್ಲ. ಬ್ರಿಟನ್ನಿನ 2013ರ ವೈದ್ಯಕೀಯ ಮಾರ್ಗಸೂಚಿಯು ಚರ್ಮದ ಬದಲಾವಣೆಯಿರುವವರನ್ನು ರಕ್ತನಾಳ ವಿಭಾಗಕ್ಕೆ ಕಳುಹಿಸಬೇಕೆಂದು ಹೇಳಿದೆ. ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಸೋರುವ ನಾಳವನ್ನು ಒಳಗಿನಿಂದ ಮುಚ್ಚುವ ವಿಧಾನಗಳು ಈಗ ರಾಜ್ಯದ ದೊಡ್ಡ ನಗರಗಳಲ್ಲಿ ಲಭ್ಯ. ಇಂಗ್ಲೆಂಡಿನಲ್ಲಿ 450 ಹುಣ್ಣಿನ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿಪಟ್ಟಿಯ ಜೊತೆಗೆ ನಾಳವನ್ನು ಬೇಗನೆ ಮುಚ್ಚಿದವರ ಹುಣ್ಣು ಮಾಯಲು ಹಿಡಿದ ಮಧ್ಯಕ ಅವಧಿ 56 ದಿನ, ತಡಮಾಡಿದವರದು 82 ದಿನ.

ಕಲೆಯ ಜಾಗ ಮರದ ಹಲಗೆಯಂತೆ ಗಟ್ಟಿಯಾಗಿ, ಗಿಣ್ಣಿನ ಮೇಲ್ಭಾಗ ಬತ್ತಿ ಮೀನಖಂಡ ಮಾತ್ರ ದಪ್ಪಗಿರುವಂತೆ, ಅಂದರೆ ಕಾಲು ತಲೆಕೆಳಗಾಗಿ ಹಿಡಿದ ಶೀಸೆಯಂತೆ ಕಂಡರೆ ಹುಣ್ಣು ದೂರವಿಲ್ಲ. ಕಂದಿನ ನಡುವೆ ದಂತದ ಬಣ್ಣದ ಬಿಳಿ ಮಚ್ಚೆಗಳು ಮೂಡುವುದೂ ಅದೇ ಸೂಚನೆ. ಎರಡು ವಾರವಾದರೂ ಮಾಯದ ಗಾಯವನ್ನು ವೈದ್ಯರಿಗೆ ತೋರಿಸಲೇಬೇಕು. ಒಂದು ಕಾಲು ದಿಢೀರನೆ ಊದಿ ನೋಯತೊಡಗಿದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದರ ಜೊತೆಗೆ ಎದೆನೋವು ಅಥವಾ ಏದುಸಿರು ಬಂದರೆ ತುರ್ತು ಚಿಕಿತ್ಸಾ ಘಟಕಕ್ಕೆ ಧಾವಿಸಬೇಕು. ಜ್ವರ-ಚಳಿಯೊಂದಿಗೆ ಕಾಲು ಕೆಂಪಾಗಿ ಬಿಸಿಯಾಗಿ ನೋಯುವುದು ಸೋಂಕಿನ ಲಕ್ಷಣ. ಇಸಬಿನಲ್ಲಿ ತುರಿಕೆ ಮುಂದು, ಸೋಂಕಿನಲ್ಲಿ ನೋವು ಮುಂದು.

ತುರಿಸಿದಾಗ ಉಗುರು ತಾಗಿ ಉಬ್ಬಿದ ನಾಳ ಒಡೆಯುವುದೂ ಉಂಟು. ನಿಂತಿರುವಾಗ ಒಡೆದರೆ ರಕ್ತ ಚಿಲುಮೆಯಂತೆ ಹಾರುತ್ತದೆ. ಗಾಬರಿಯಲ್ಲಿ ಸ್ನಾನದ ಮನೆಗೆ ನಡೆದುಹೋಗಿ ತೊಳೆಯಲು ಯತ್ನಿಸುವುದು, ಮಂಡಿಯ ಮೇಲೆ ಹಗ್ಗ ಬಿಗಿಯುವುದು ಎರಡೂ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಇದ್ದಲ್ಲಿಯೇ ನೆಲದ ಮೇಲೆ ಮಲಗಿ, ಕಾಲನ್ನು ಕುರ್ಚಿಯ ಮೇಲೆತ್ತಿಟ್ಟು, ಮಡಚಿದ ಶುಭ್ರ ಬಟ್ಟೆಯಿಂದ ಒಡೆದ ಜಾಗವನ್ನು ಬೆರಳಿನಲ್ಲಿ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಬೇಕು. ಸಾಮಾನ್ಯವಾಗಿ ರಕ್ತ ಇದರಿಂದಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಒತ್ತಿಹಿಡಿದಂತೆಯೇ, ಕಾಲೆತ್ತಿಕೊಂಡೇ ಆಸ್ಪತ್ರೆಗೆ ಸಾಗಿಸಬೇಕು. ನಿಂತರೂ ಒಡೆದ ನಾಳವನ್ನು ಅದೇ ವಾರದಲ್ಲಿ ಶಸ್ತ್ರತಜ್ಞರಿಗೆ ತೋರಿಸುವುದು ಅವಶ್ಯ, ಅದೇ ಜಾಗ ಮತ್ತೆ ಒಡೆಯುವ ಸಂಭವ ಹೆಚ್ಚು.